‘ಕೊಡ್ತೀನಿ’ ಎಂಬ ಮಾತಿಗೆ ತಾರೀಖು ಹಾಕಿಸುವುದು ಹೇಗೆ?

“ದೀಪಾವಳಿ ಕಳೀಲಿ ತಂಗಿ, ನಿನ್ನ ಲೆಕ್ಕ ಚುಕ್ತಾ ಮಾಡಿಬಿಡ್ತೀನಿ.”

ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ನಿಂತು ಈ ಮಾತು ಕೇಳಿಸಿಕೊಂಡು ಬಂದವರಿಗೆ ಅದರ ತೂಕ ಗೊತ್ತಿರುತ್ತದೆ. ಹೇಳಿದವರು ಸುಳ್ಳು ಹೇಳಿದ್ದಾರೆ ಎನ್ನುವ ಹಾಗಿಲ್ಲ. ಕೊಡಬೇಕೆಂಬ ಮನಸ್ಸು ಆ ಹೊತ್ತಿಗೆ ಇದ್ದಿರಲೂಬಹುದು. ಆದರೆ ಹಬ್ಬ ಕಳೆದು ಮೂರು ವಾರವಾದ ಮೇಲೆ ಹೋಗಿ ಕೇಳಿದರೆ, “ಹಬ್ಬ ಆದ ಕೂಡಲೇ ಅಂತ ಎಲ್ಲಿ ಹೇಳಿದೆ?” ಎಂಬ ಉತ್ತರ ಬರುತ್ತದೆ. ಅದೂ ನಿಜವೇ. ಅವರು ಹಾಗೆ ಹೇಳಿರಲಿಲ್ಲ. ಮಾತಿನಲ್ಲಿ ದಿನವೂ ಇರಲಿಲ್ಲ, ಮೊತ್ತವೂ ಇರಲಿಲ್ಲ, ಯಾವ ಬಿಲ್ಲಿನ ಲೆಕ್ಕವೆಂಬುದೂ ಇರಲಿಲ್ಲ. ತಪ್ಪಿದೆ ಎಂದು ತೋರಿಸಲು ಬೆರಳಿಡುವ ಜಾಗವೇ ಆ ಮಾತಿನಲ್ಲಿರಲಿಲ್ಲ.

ಬಾಕಿ ಹಣದ ಭರವಸೆಯನ್ನು ಬರಹಕ್ಕೆ ಇಳಿಸುವಾಗ ನೆನಪಿಡಬೇಕಾದ ಪರೀಕ್ಷೆ ಒಂದೇ. ನಿಮ್ಮನ್ನಾಗಲಿ ಅವರನ್ನಾಗಲಿ ಎಂದೂ ನೋಡಿರದ ಮೂರನೆಯವರೊಬ್ಬರು ಆ ಕಾಗದವನ್ನು ಓದಬೇಕು. ಬ್ಯಾಂಕಿನ ಪಾಸ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು, ಈ ದಿನಕ್ಕೆ ಈ ಮಾತು ನಡೆದಿದೆ ಅಥವಾ ನಡೆದಿಲ್ಲ ಎಂದು ಯಾರನ್ನೂ ಕೇಳದೆ ಹೇಳುವಂತಿರಬೇಕು. ಅಷ್ಟಾದರೆ ಆ ಬರಹ ಸರಿಯಾಗಿದೆ. ಅವರು ಒಂದೇ ಒಂದು ಪ್ರಶ್ನೆ ಕೇಳಬೇಕಾಗಿ ಬಂದರೂ, ಆ ಪ್ರಶ್ನೆಯ ಉತ್ತರ ಕಾಗದದಲ್ಲಿ ಇರಬೇಕಿತ್ತು ಎಂದರ್ಥ.

ಇದನ್ನು ಒಂದು ಉದಾಹರಣೆಯಲ್ಲಿಟ್ಟು ನೋಡೋಣ. ದಾವಣಗೆರೆಯಲ್ಲಿ ನಾಲ್ಕು ಮಿಷನ್ ಇಟ್ಟುಕೊಂಡು ಶಾಲಾ ಸಮವಸ್ತ್ರ ಹೊಲಿಯುವ ಒಬ್ಬ ಹೆಣ್ಣುಮಗಳು ಇದ್ದಾರೆ ಎಂದುಕೊಳ್ಳಿ. ಶಾಲೆ ಶುರುವಾಗುವ ಮೊದಲೇ, 2025ರ ಮೇ 20ರಂದು, ಬಟ್ಟೆ ಅಂಗಡಿಯೊಂದಕ್ಕೆ 368 ಜೊತೆ ಸಮವಸ್ತ್ರ ತಲುಪಿಸಿದ್ದಾರೆ. ಜೊತೆಗೆ ₹500ರಂತೆ ಬಿಲ್ ₹1,84,000. ಮುಂಗಡ ₹36,000 ಬಂದಿದೆ. ಉಳಿದದ್ದಕ್ಕೆ ಜೂನ್‌ನಿಂದ ಅಕ್ಟೋಬರ್‌ವರೆಗೆ ತಿರುಗಿದ್ದಾರೆ. ಕೊನೆಗೆ ಸಿಕ್ಕಿದ್ದು ದೀಪಾವಳಿಯ ಆ ಮಾತು. ಈಗ ಅವರು ಅಂಗಡಿಯವರ ಮುಂದೆ ಕೂತು, “ಅಣ್ಣಾ, ನೀವು ಹೇಳಿದ್ದನ್ನೇ ಒಂದು ಹಾಳೆಯಲ್ಲಿ ಬರೆದುಕೊಡಿ” ಎಂದು ಕೇಳುತ್ತಾರೆ. ಆ ಹಾಳೆಯಲ್ಲಿ ಏನಿರಬೇಕು?

ಮೊದಲು ಲೆಕ್ಕ, ಆಮೇಲೆ ವಾಯಿದೆ

ಹೆಚ್ಚಿನವರು ತಾರೀಖಿನಿಂದ ಶುರು ಮಾಡುತ್ತಾರೆ. ಅದಕ್ಕೂ ಮೊದಲು ಆಗಬೇಕಾದ ಕೆಲಸವೆಂದರೆ ಮೊತ್ತವನ್ನು ಇಬ್ಬರೂ ಒಪ್ಪುವುದು. ಮೊತ್ತದ ಮೇಲೆ ತಕರಾರು ಉಳಿದಿದ್ದರೆ, ವಾಯಿದೆಯ ದಿನ ಬಂದಾಗ ಆ ತಕರಾರು ಹೊರಗೆ ಬರುತ್ತದೆ. “ಹಣ ರೆಡಿ ಇದೆ, ಆದರೆ ಆ ಹಾಳಾದ ಅಂಗಿಗಳ ಲೆಕ್ಕ ಮೊದಲು ಹೇಳು” ಎಂಬ ಮಾತಿಗೆ ಉತ್ತರ ಕೊಡುತ್ತ ಇನ್ನೊಂದು ತಿಂಗಳು ಹೋಗುತ್ತದೆ.

ನಮ್ಮ ಉದಾಹರಣೆಯಲ್ಲಿ ಅಂಗಡಿಯವರು 8 ಜೊತೆ ಹೊಲಿಗೆ ಸರಿಯಿಲ್ಲವೆಂದು ವಾಪಸ್ ಕಳಿಸಿದ್ದಾರೆ. ಅದಕ್ಕೆ ₹4,000 ಕಳೆಯಲು ಹೊಲಿಗೆಯವರು ಒಪ್ಪುತ್ತಾರೆ. ಹಾಗಾದರೆ 1,84,000ದಲ್ಲಿ 36,000 ಮತ್ತು 4,000 ಹೋದರೆ ಬಾಕಿ ₹1,44,000. ಈ ಕಳೆಯುವ ಲೆಕ್ಕ ಪೂರ್ತಿಯಾಗಿ ಪತ್ರದಲ್ಲೇ ಬರಬೇಕು. ಬರೀ ‘ಬಾಕಿ ₹1,44,000’ ಎಂದು ಬರೆದರೆ, ಮುಂಗಡ ಅದರಲ್ಲಿ ಕಳೆದಿದೆಯೋ ಇಲ್ಲವೋ ಎಂಬ ಪ್ರಶ್ನೆ ಎರಡು ವರ್ಷದ ನಂತರ ಏಳುತ್ತದೆ. ಅಷ್ಟು ಹೊತ್ತಿಗೆ ಇಬ್ಬರಿಗೂ ನೆನಪು ಮಸುಕಾಗಿರುತ್ತದೆ.

ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ಅಂಕಿಯ ಪಕ್ಕ ಒಂದು ಸೊನ್ನೆ ಸೇರಿಸುವುದು ಸುಲಭ, ಅಕ್ಷರ ತಿದ್ದುವುದು ಕಷ್ಟ. ಚೆಕ್ಕು ಮತ್ತು ಪ್ರಾಮಿಸರಿ ನೋಟಿನ ವಿಷಯದಲ್ಲಂತೂ ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಬರೆದದ್ದೇ ನಿಲ್ಲುತ್ತದೆ ಎಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಹೇಳುತ್ತದೆ.

ಕ್ಯಾಲೆಂಡರಿನಲ್ಲಿ ಬೆರಳಿಡುವಂಥ ದಿನ

ನಮ್ಮ ಮಾತಿನಲ್ಲಿ ವಾಯಿದೆಗಳು ತಾವಾಗಿಯೇ ಹಬ್ಬ, ಬೆಳೆ, ಬಿಲ್ಲುಗಳಿಗೆ ಅಂಟಿಕೊಳ್ಳುತ್ತವೆ. ‘ಸುಗ್ಗಿ ಮುಗಿದ ಮೇಲೆ’, ‘ಅಮಾವಾಸ್ಯೆ ಕಳೆದ ಮೇಲೆ’, ‘ಅಡಿಕೆ ಮಾರಿದ ಮೇಲೆ’, ‘ಆಫೀಸಲ್ಲಿ ಬಿಲ್ ಪಾಸಾದ ಮೇಲೆ’. ಇವೆಲ್ಲ ‘ಇದಕ್ಕಿಂತ ಮೊದಲು ಕೇಳಬೇಡ’ ಎಂದು ಹೇಳುತ್ತವೆ. ‘ಇದರೊಳಗೆ ಕೊಡುತ್ತೇನೆ’ ಎಂದು ಹೇಳುವುದಿಲ್ಲ. ಅಂದರೆ ಅವಧಿಗೆ ಆರಂಭ ಉಂಟು, ಕೊನೆ ಇಲ್ಲ. ‘ಮೇಲೆ’ ಎಂಬ ಪದ ಕಂಡಲ್ಲೆಲ್ಲ ‘ಒಳಗೆ’ ಎಂಬ ಪದ ತಂದು ಕೂರಿಸಿದರೆ ಅರ್ಧ ಕೆಲಸ ಮುಗಿಯಿತು. ‘ದೀಪಾವಳಿ ಆದ ಮೇಲೆ’ ಎಂಬುದು ‘10-11-2025, ಸೋಮವಾರ ಸಂಜೆ 5 ಗಂಟೆಯೊಳಗೆ’ ಎಂದಾಗಬೇಕು.

‘ಬಿಲ್ ಪಾಸಾದ ಮೇಲೆ’ ಎಂಬುದು ಇನ್ನೂ ತೊಡಕಿನದು. ಪಾಸಾಗುವುದು ಮೂರನೆಯವರ ಕೈಯಲ್ಲಿದೆ. ಪಾಸಾಗದೇ ಹೋದರೆ ಭರವಸೆ ಮುರಿಯಿತು ಎನ್ನಲೂ ಬರುವುದಿಲ್ಲ. ಅಂಗಡಿಯವರ ಕಷ್ಟ ನಿಜವಿದ್ದರೆ ಎರಡನ್ನೂ ಹೀಗೆ ಕೂಡಿಸಿ ಬರೆಯಬಹುದು: “ಶಾಲೆಯಿಂದ ನಮಗೆ ಹಣ ಬಂದ ಮರುದಿನ ಕೊಡುತ್ತೇನೆ, ಬಾರದಿದ್ದರೂ 10-12-2025ರೊಳಗೆ ಕೊಡುತ್ತೇನೆ.” ಆಗ ಅವರ ಮಾತಿಗೂ ಜಾಗ ಸಿಕ್ಕಿತು, ನಿಮ್ಮ ಕೈಗೆ ಕೊನೆಯ ದಿನವೂ ಸಿಕ್ಕಿತು.

ತಾರೀಖಿನ ಪಕ್ಕದಲ್ಲಿ ವಾರವನ್ನೂ ಬರೆಯಿರಿ. ಎರಡೂ ಹೊಂದದಿದ್ದರೆ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ, ಕ್ಯಾಲೆಂಡರ್ ತೆರೆದು ನೋಡಿಯೇ ಬರೆಯುವ ಅಭ್ಯಾಸವೂ ಆಗುತ್ತದೆ. ನಮ್ಮ ಉದಾಹರಣೆಯಲ್ಲಿ ಪ್ರತಿ ತಿಂಗಳು 10ನೇ ತಾರೀಖಿಗೆ ಒಂದೊಂದು ಕಂತು ಎಂದು ಮಾತಾಗಿದೆ. 2025ರ ನವೆಂಬರ್ 10 ಸೋಮವಾರ, ಡಿಸೆಂಬರ್ 10 ಬುಧವಾರ, ಎರಡೂ ಸರಿ. ಆದರೆ 2026ರ ಜನವರಿ 10 ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಆನ್‌ಲೈನ್ ವರ್ಗಾವಣೆ ರಜಾದಿನದಲ್ಲೂ ನಡೆಯುತ್ತದೆ ನಿಜ. ಆದರೆ ಚೆಕ್ ಹಾಕುವ ಅಥವಾ ಕೌಂಟರಿನಲ್ಲಿ ಹಣ ಕಟ್ಟುವ ಪದ್ಧತಿಯವರಿಗೆ ಅದೊಂದು ನೆಪವಾಗುತ್ತದೆ. ಆದ್ದರಿಂದ ಮೂರನೇ ಕಂತನ್ನು ಜನವರಿ 12, ಸೋಮವಾರಕ್ಕೆ ಹಾಕುವುದು ಜಾಣತನ.

‘ಇನ್ನು ಹದಿನೈದು ದಿನದೊಳಗೆ’ ಎಂದು ಬರೆಸಿಕೊಳ್ಳುವವರೂ ಇದ್ದಾರೆ. ಯಾವ ದಿನದಿಂದ ಹದಿನೈದು? ಮಾತಾಡಿದ ದಿನದಿಂದಲೋ, ಪತ್ರ ಕೈಸೇರಿದ ದಿನದಿಂದಲೋ? ರಜೆಗಳು ಸೇರಿಯೋ, ಬಿಟ್ಟೋ? ಎಣಿಸುವ ಕೆಲಸವನ್ನು ಓದುವವರಿಗೆ ಬಿಡಬೇಡಿ. ನೀವೇ ಎಣಿಸಿ, ಬಂದ ತಾರೀಖನ್ನು ಬರೆಯಿರಿ.

ಕ್ರಿಯಾಪದದಲ್ಲಿದೆ ಗುಟ್ಟು

ಕನ್ನಡದಲ್ಲಿ ‘ಕೊಡು’ ಎಂಬ ಧಾತುವಿಗೆ ಜಾರಿಕೊಳ್ಳುವ ರೂಪಗಳು ಬಹಳ. ‘ಕೊಡೋಣ’, ‘ಕೊಟ್ಟರಾಯ್ತು’, ‘ಕೊಡುವ ವ್ಯವಸ್ಥೆ ಮಾಡಲಾಗುವುದು’, ‘ಕೊಡಲು ಪ್ರಯತ್ನಿಸುತ್ತೇವೆ’. ಮೊದಲೆರಡರಲ್ಲಿ ಆಡಿದ ಮಾತೇ ಗಟ್ಟಿಯಿಲ್ಲ. ಮೂರನೆಯದರಲ್ಲಿ ಕೊಡುವವರು ಯಾರೆಂಬುದು ಮಾಯವಾಗಿದೆ. ನಾಲ್ಕನೆಯದರಲ್ಲಿ ಪ್ರಯತ್ನಿಸಿದೆ, ಆಗಲಿಲ್ಲ ಎಂದರೆ ಮಾತು ಉಳಿಸಿಕೊಂಡಂತೆಯೇ ಆಯಿತು.

ಬೇಕಾದದ್ದು ಎರಡು ವಾಕ್ಯ. ಒಂದು ‘ನಾನು ನಿಮಗೆ ಇಷ್ಟು ಕೊಡಬೇಕಾಗಿದೆ’ ಎಂಬ ಒಪ್ಪಿಗೆ. ಇನ್ನೊಂದು ‘ನಾನು ಇದನ್ನು ಈ ದಿನದೊಳಗೆ ಕೊಡುತ್ತೇನೆ’ ಎಂಬ ಭರವಸೆ. ಇವೆರಡೂ ಒಂದೇ ಅಲ್ಲ, ಎರಡೂ ಬೇಕು. ಇದಕ್ಕೆ ಕಾನೂನಿನಲ್ಲಿ ಕಾರಣವಿದೆ.

ಮಾರಿದ ಸರಕು, ಮಾಡಿದ ಕೆಲಸ, ಕೊಟ್ಟ ಕೈಸಾಲ ಇಂಥವುಗಳ ಹಣಕ್ಕೆ ದಾವೆ ಹೂಡಲು 1963ರ ಲಿಮಿಟೇಷನ್ ಕಾಯ್ದೆ ಸಾಮಾನ್ಯವಾಗಿ ಮೂರು ವರ್ಷದ ಅವಧಿ ಕೊಡುತ್ತದೆ. ಆ ಮೂರು ವರ್ಷ ಮುಗಿಯುವುದರೊಳಗೆ ಕೊಡಬೇಕಾದವರು ‘ಬಾಕಿ ಇದೆ’ ಎಂದು ಬರೆದು ಸಹಿ ಹಾಕಿದರೆ, ಸಹಿಯ ದಿನದಿಂದ ಅವಧಿ ಹೊಸದಾಗಿ ಎಣಿಕೆಯಾಗುತ್ತದೆ. ಇದು ಆ ಕಾಯ್ದೆಯ 18ನೇ ಸೆಕ್ಷನ್. ಇಲ್ಲಿ ಒಪ್ಪಿಗೆಯಷ್ಟೇ ಸಾಕು. ಆದರೆ ಮೂರು ವರ್ಷ ದಾಟಿಹೋದ ಮೇಲೆ ‘ಬಾಕಿ ಇದೆ’ ಎಂಬ ಒಪ್ಪಿಗೆ ಸಾಲದು. ಆಗ 1872ರ ಕರಾರು ಕಾಯ್ದೆಯ 25ನೇ ಸೆಕ್ಷನ್ನಿನ ಆಸರೆ ಬೇಕು. ಅದು ಕೇಳುವುದು ‘ಕೊಡುತ್ತೇನೆ’ ಎಂಬ ಲಿಖಿತ, ಸಹಿ ಮಾಡಿದ ಭರವಸೆಯನ್ನು. ‘ಇದೆ’ ಮತ್ತು ‘ಕೊಡುತ್ತೇನೆ’ ಎರಡೂ ಒಂದೇ ಪತ್ರದಲ್ಲಿದ್ದರೆ ಎರಡು ದಾರಿಯೂ ತೆರೆದಿರುತ್ತದೆ.

ಪತ್ರಕ್ಕೆ ದಿನಾಂಕ ಹಾಕುವುದು ಮರೆತರೆ? ಯಾವ ದಿನ ಸಹಿಯಾಯಿತು ಎಂಬುದಕ್ಕೆ ಬಾಯಿಸಾಕ್ಷಿ ಕೊಡಲು ಅದೇ 18ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಒಂದು ಸಾಲಿನಲ್ಲಿ ಮುಗಿಯಬೇಕಿದ್ದ ವಿಷಯಕ್ಕೆ ಸಾಕ್ಷಿಗಳನ್ನು ಹುಡುಕಿಕೊಂಡು ಅಲೆಯುವ ಪಾಡು ಯಾರಿಗೂ ಬೇಡ.

ಪತ್ರ ಹೀಗಿರಲಿ

ಎಲ್ಲವನ್ನೂ ಕೂಡಿಸಿದರೆ ಒಂದೇ ಪುಟದ ಪತ್ರವಾಗುತ್ತದೆ. ಅಂಗಡಿಯ ಲೆಟರ್‌ಹೆಡ್ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಬಿಳಿ ಹಾಳೆಯ ಮೇಲೆ.

ದಾವಣಗೆರೆ, ದಿನಾಂಕ: 27-10-2025

ಇವರಿಂದ: (ಅಂಗಡಿಯ ಹೆಸರು, ಮಾಲೀಕರ ಪೂರ್ಣ ಹೆಸರು, ವಿಳಾಸ)
ಇವರಿಗೆ: (ಹೊಲಿಗೆ ಘಟಕದ ಹೆಸರು, ಒಡತಿಯ ಪೂರ್ಣ ಹೆಸರು, ವಿಳಾಸ)

ವಿಷಯ: ಬಿಲ್ ಸಂಖ್ಯೆ 27, ದಿನಾಂಕ 20-05-2025ರ ಬಾಕಿ ಪಾವತಿ

1. ಮೇಲಿನ ಬಿಲ್ಲಿನ 368 ಜೊತೆ ಸಮವಸ್ತ್ರ 20-05-2025ರಂದು ನಮ್ಮ ಅಂಗಡಿಗೆ ತಲುಪಿವೆ. ಬಿಲ್ಲಿನ ಮೊತ್ತ ₹1,84,000.

2. ಇದರಲ್ಲಿ ಮುಂಗಡವಾಗಿ ಕೊಟ್ಟ ₹36,000 ಮತ್ತು ವಾಪಸ್ ಮಾಡಿದ 8 ಜೊತೆಯ ₹4,000 ಕಳೆದು, ನಾನು ನಿಮಗೆ ಇಂದಿಗೆ ₹1,44,000 (ಒಂದು ಲಕ್ಷದ ನಲವತ್ತನಾಲ್ಕು ಸಾವಿರ ರೂಪಾಯಿ) ಕೊಡಬೇಕಾಗಿದೆ. ಈ ಮೊತ್ತದ ಬಗ್ಗೆ ನನ್ನ ತಕರಾರು ಇಲ್ಲ.

3. ಈ ಬಾಕಿಯನ್ನು ಹೀಗೆ ಕೊಡುತ್ತೇನೆ:
(ಅ) 10-11-2025, ಸೋಮವಾರದೊಳಗೆ ₹48,000
(ಆ) 10-12-2025, ಬುಧವಾರದೊಳಗೆ ₹48,000
(ಇ) 12-01-2026, ಸೋಮವಾರದೊಳಗೆ ₹48,000

4. ಪ್ರತಿ ಕಂತು ಆಯಾ ದಿನ ಸಂಜೆ 5 ಗಂಟೆಯೊಳಗೆ ನಿಮ್ಮ (ಬ್ಯಾಂಕಿನ ಹೆಸರು) ಖಾತೆಗೆ ಜಮಾ ಆಗಿರುತ್ತದೆ. ಖಾತೆಯ ಕೊನೆಯ ನಾಲ್ಕು ಅಂಕಿ: ____.

5. ಯಾವುದೇ ಕಂತು ಹೇಳಿದ ದಿನ ಪೂರ್ತಿ ಜಮಾ ಆಗದಿದ್ದರೆ, ಉಳಿದ ಬಾಕಿಯೆಲ್ಲವನ್ನೂ ಕಂತಿಗೆ ಕಾಯದೆ ಒಮ್ಮೆಗೇ ಕೇಳುವ ಹಕ್ಕು ನಿಮಗಿರುತ್ತದೆ.

ಸಹಿ, ಪೂರ್ಣ ಹೆಸರು, ಮಾಲೀಕ, ಅಂಗಡಿಯ ಮುದ್ರೆ

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ನಾಲ್ಕನೇ ಅಂಶದಲ್ಲಿ ‘ಕಳಿಸುತ್ತೇನೆ’ ಎಂದಿಲ್ಲ, ‘ಜಮಾ ಆಗಿರುತ್ತದೆ’ ಎಂದಿದೆ. ಚೆಕ್ ಕೈಗೆ ಕೊಟ್ಟದ್ದನ್ನೇ ಪಾವತಿ ಎಂದು ಹೇಳುವ ಅವಕಾಶ ಇದರಿಂದ ತಪ್ಪುತ್ತದೆ. ಎರಡು, ಐದನೇ ಅಂಶವಿಲ್ಲದ ಕಂತಿನ ಪತ್ರದಲ್ಲಿ ಒಂದು ಕೊರತೆ ಉಳಿಯುತ್ತದೆ. ಮೊದಲ ಕಂತು ತಪ್ಪಿದರೂ ಮೂರನೇ ಕಂತಿನ ಹಣಕ್ಕೆ ಜನವರಿಯವರೆಗೆ ಕಾಯಬೇಕು ಎಂಬ ವಾದಕ್ಕೆ ಅದು ಜಾಗ ಕೊಡುತ್ತದೆ.

ಸಹಿಯ ಕೆಳಗೆ ಯಾವ ನೆಲೆಯಲ್ಲಿ ಸಹಿ ಮಾಡಿದ್ದಾರೆ ಎಂಬುದನ್ನು ಬರೆಸಲೇಬೇಕು. ಮಾಲೀಕರೋ, ಪಾಲುದಾರರೋ, ಕಂಪನಿಯ ನಿರ್ದೇಶಕರೋ? ಅಂಗಡಿಯ ಮ್ಯಾನೇಜರ್ ಸಹಿ ಹಾಕಿದರೂ ನಡೆಯುತ್ತದೆ, ಆದರೆ ಹಾಗೆ ಸಹಿ ಹಾಕುವ ಅಧಿಕಾರ ಅವರಿಗಿತ್ತು ಎಂದು ತೋರಿಸುವ ಹೊಣೆ ಆಮೇಲೆ ನಿಮ್ಮ ಮೇಲೆ ಬೀಳಬಹುದು. ಮಾಲೀಕರೇ ಸಿಗುವಾಗ ಅವರಿಂದಲೇ ಮಾಡಿಸಿ. ಎರಡು ಪ್ರತಿ ಮಾಡಿ, ಇಬ್ಬರೂ ಒಂದೊಂದು ಇಟ್ಟುಕೊಳ್ಳಿ.

ಸ್ಟಾಂಪಿನ ತೊಡಕು

ಇಲ್ಲಿ ಹಲವರು ಎಡವುತ್ತಾರೆ. ಇಂತಿಷ್ಟು ನಿಶ್ಚಿತ ಮೊತ್ತವನ್ನು ಇಂಥವರಿಗೆ ಯಾವ ಷರತ್ತೂ ಇಲ್ಲದೆ ಕೊಡುತ್ತೇನೆ ಎಂದು ಬರೆದು ಸಹಿ ಮಾಡಿದರೆ, ತಲೆಬರಹದಲ್ಲಿ ‘ಪತ್ರ’ ಎಂದಿದ್ದರೂ ಅದು ಪ್ರಾಮಿಸರಿ ನೋಟು ಎಂದು ಎದುರಿನವರು ವಾದಿಸಬಹುದು. ಪ್ರಾಮಿಸರಿ ನೋಟಿಗೆ ಸ್ಟಾಂಪ್ ಬೇಕು. ಬೇರೆ ದಾಖಲೆಗಳಿಗೆ ಸ್ಟಾಂಪ್ ಕಡಿಮೆಯಾಗಿದ್ದರೆ ದಂಡ ಕಟ್ಟಿ ಸರಿಪಡಿಸುವ ದಾರಿ ಉಂಟು; ಪ್ರಾಮಿಸರಿ ನೋಟಿಗೆ ಆ ದಾರಿಯಿಲ್ಲ. ಸರಿಯಾದ ಸ್ಟಾಂಪ್ ಇಲ್ಲದ ನೋಟನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ.

ಕೇಳಿದಾಗ ಕೊಡುವ ‘ಆನ್ ಡಿಮಾಂಡ್’ ನೋಟಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಹಾಯುವಂತೆ ಸಹಿ ಮಾಡಿಸುವ ರೂಢಿ ನಮ್ಮಲ್ಲಿದೆ. ಆದರೆ ನಿರ್ದಿಷ್ಟ ವಾಯಿದೆ ಇರುವ ನೋಟಿನ ಸ್ಟಾಂಪ್ ಲೆಕ್ಕವೇ ಬೇರೆ. ಹಾಗಾಗಿ ದೊಡ್ಡ ಮೊತ್ತವಿದ್ದರೆ ಸಹಿಗೆ ಮುಂಚೆ ಕರಡನ್ನು ವಕೀಲರಿಗೆ ತೋರಿಸಿ, ಎಷ್ಟರ ಸ್ಟಾಂಪ್ ಎಂದು ಕೇಳಿಕೊಳ್ಳಿ. ಒಂದು ಸಲದ ಆ ಖರ್ಚು ಸಾರ್ಥಕ.

ಇದರ ಜೊತೆಗೆ ಇನ್ನೊಂದು ಎಚ್ಚರ ಬೇಕು. ಪತ್ರ ಬಂತೆಂದು ಹಳೆಯ ಬಿಲ್ಲು, ಸರಕು ತಲುಪಿದ್ದಕ್ಕೆ ಅಂಗಡಿಯವರು ಸಹಿ ಮಾಡಿದ ಡೆಲಿವರಿ ಚಲನ್, ಮುಂಗಡ ಬಂದ ಪಾಸ್‌ಬುಕ್ ಪುಟ ಇವನ್ನು ಎಸೆಯಬೇಡಿ. ಹಣ ಬರಬೇಕಾದ ಮೂಲ ಕಾರಣ ಆ ಬಿಲ್ಲು. ಪತ್ರ ಅದಕ್ಕೆ ಬೆಂಬಲ. ಬೆಂಬಲಕ್ಕೆ ಪೆಟ್ಟು ಬಿದ್ದರೂ ಮೂಲ ಉಳಿದಿರಬೇಕು. ಪತ್ರದಲ್ಲಿ ಬಿಲ್ಲಿನ ಸಂಖ್ಯೆ ಮತ್ತು ದಿನಾಂಕ ಬರೆಸುವುದರ ಇನ್ನೊಂದು ಲಾಭ ಇದೇ.

ಫೋನಿನಲ್ಲಿ ಆದ ಮಾತು

ಎಲ್ಲರೂ ಕಾಗದಕ್ಕೆ ಸಹಿ ಹಾಕುವುದಿಲ್ಲ. “ನನ್ನ ಮೇಲೆ ನಂಬಿಕೆ ಇಲ್ವಾ?” ಎಂದು ಬೇಸರ ಮಾಡಿಕೊಳ್ಳುವವರಿದ್ದಾರೆ. ಆಗ ಮಾತು ಮುಗಿದ ಹತ್ತು ನಿಮಿಷದೊಳಗೆ ವಾಟ್ಸಾಪ್‌ನಲ್ಲಿ ಹೀಗೆ ಬರೆಯಿರಿ:

“ಅಣ್ಣಾ, ಈಗ ಫೋನಿನಲ್ಲಿ ಮಾತಾಡಿದ್ದು: ಬಿಲ್ 27 (20-05-2025) ಬಾಕಿ ₹1,44,000. ಮೊದಲ ಕಂತು ₹48,000 ನವೆಂಬರ್ 10, ಸೋಮವಾರ ಸಂಜೆ 5ರೊಳಗೆ ನನ್ನ ಖಾತೆಗೆ ಹಾಕುತ್ತೀರಿ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿ. ಸರಿಯಿದ್ದರೆ ಮೊತ್ತ ಮತ್ತು ತಾರೀಖು ಬರೆದು ಉತ್ತರಿಸಿ.”

ಕೊನೆಯ ವಾಕ್ಯವೇ ಇಲ್ಲಿ ಮುಖ್ಯ. ಬರೀ ಹೆಬ್ಬೆರಳಿನ ಚಿತ್ರವೊಂದು ಬಂದರೆ ಅವರು ಒಪ್ಪಿದರೋ, ಬರೀ ನೋಡಿದರೋ ಎಂಬ ಅನುಮಾನ ಉಳಿಯುತ್ತದೆ. “ಹೌದು, 48,000, ನವೆಂಬರ್ 10” ಎಂದು ಅವರದೇ ಬೆರಳಿನಿಂದ ಬಂದರೆ ಅನುಮಾನಕ್ಕೆ ಜಾಗವಿಲ್ಲ. ವಾಯ್ಸ್ ಮೆಸೇಜ್ ಬಂದರೆ ಅದನ್ನು ಉಳಿಸಿಕೊಂಡು, ಅದರಲ್ಲಿ ಹೇಳಿದ್ದನ್ನು ಅಕ್ಷರದಲ್ಲಿ ಬರೆದು ಕಳಿಸಿ ಒಪ್ಪಿಗೆ ಕೇಳಿ. ಯಾರಿಗಾದರೂ ತೋರಿಸಬೇಕಾದಾಗ ಎರಡು ನಿಮಿಷದ ಧ್ವನಿಯಲ್ಲಿ ತಾರೀಖು ಎಲ್ಲಿದೆ ಎಂದು ಹುಡುಕುವುದು ಕಷ್ಟ.

ಮೆಸೇಜ್ ತಾನಾಗಿ ಅಳಿಯುವ ಸೆಟ್ಟಿಂಗ್ ಆ ಚಾಟಿನಲ್ಲಿ ಇದೆಯೇ ಎಂದು ಒಮ್ಮೆ ನೋಡಿ. ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆಡೆ ಇಟ್ಟುಕೊಳ್ಳಿ. ಫೋನ್ ಬದಲಿಸಿದರೂ ಹಳೆಯದನ್ನು ಮಾರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಇಂಥ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಲಗತ್ತಿಸಬೇಕು. ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಸಾಕು ಎಂದುಕೊಳ್ಳುವುದು ತಪ್ಪು. ಮೂರು ವರ್ಷದ ಅವಧಿ ಹತ್ತಿರವಾಗುತ್ತಿದ್ದರೆ ವಾಟ್ಸಾಪನ್ನೇ ನೆಚ್ಚದೆ, ಕಾಗದದ ಮೇಲೆ ಕೈಸಹಿ ಮಾಡಿಸಿಕೊಳ್ಳಿ.

ವಾಯಿದೆ ಬಂದ ಮೇಲೆ

ಅಂಶಗಳಿಗೆ ಸಂಖ್ಯೆ ಹಾಕಿದ್ದರ ಪ್ರಯೋಜನ ಕಾಣುವುದು ಈಗ. ನವೆಂಬರ್ 10ರ ಸಂಜೆ ಪಾಸ್‌ಬುಕ್ಕಿನಲ್ಲಿ ₹48,000 ಬದಲು ₹30,000 ಕಂಡಿತು ಎಂದುಕೊಳ್ಳಿ. ಮರುದಿನ ಹೋಗಬೇಕಾದ ಮೆಸೇಜಿನಲ್ಲಿ ಸಿಟ್ಟೂ ಬೇಡ, ಹಳೆಯ ಕಥೆಯೂ ಬೇಡ:

“ಅಣ್ಣಾ, ನಿಮ್ಮ 27-10-2025ರ ಪತ್ರದ 3(ಅ) ಪ್ರಕಾರ ನಿನ್ನೆ ₹48,000 ಬರಬೇಕಿತ್ತು. ₹30,000 ಬಂದಿದೆ, ಅದನ್ನು ಬಿಲ್ 27ಕ್ಕೆ ಜಮಾ ಮಾಡಿಕೊಂಡಿದ್ದೇನೆ. ಈ ಕಂತಿನಲ್ಲಿ ₹18,000, ಒಟ್ಟು ₹1,14,000 ಬಾಕಿ. ನವೆಂಬರ್ 13, ಗುರುವಾರ ಸಂಜೆ 5ರೊಳಗೆ ₹18,000 ಹಾಕಿ. 5ನೇ ಅಂಶದಲ್ಲಿರುವ ನನ್ನ ಹಕ್ಕು ಹಾಗೇ ಇದೆ.”

‘ಬಿಲ್ 27ಕ್ಕೆ ಜಮಾ’ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಒಬ್ಬರಿಂದಲೇ ಎರಡು ಮೂರು ಬಿಲ್ ಬಾಕಿ ಇರುವಾಗ ಬಂದ ಹಣ ಯಾವುದಕ್ಕೆ ಸೇರಬೇಕು ಎಂಬುದನ್ನು ಮೊದಲು ಕೊಡುವವರು ಹೇಳಬಹುದು. ಅವರು ಏನೂ ಸೂಚಿಸದಿದ್ದರೆ ಪಡೆದವರು ತೀರ್ಮಾನಿಸಬಹುದು. ಇಬ್ಬರೂ ಸುಮ್ಮನಿದ್ದರೆ ಹಳೆಯ ಬಾಕಿಗೆ ಮೊದಲು ಹೋಗುತ್ತದೆ. ಕರಾರು ಕಾಯ್ದೆಯ 59ರಿಂದ 61ನೇ ಸೆಕ್ಷನ್‌ಗಳ ಸಾರ ಇದು. ಆದ್ದರಿಂದ ರಸೀದಿಯಲ್ಲಿ ಬಿಲ್ ಸಂಖ್ಯೆ, ಕಂತಿನ ಸಂಖ್ಯೆ, ಉಳಿದ ಬಾಕಿ ಈ ಮೂರೂ ಬರಬೇಕು. ಹಣ ಹಾಕುವವರೂ ವರ್ಗಾವಣೆಯ ಟಿಪ್ಪಣಿಯಲ್ಲಿ ಬಿಲ್ ಸಂಖ್ಯೆ ಬರೆದರೆ ಇಬ್ಬರಿಗೂ ನೆಮ್ಮದಿ.

ಅವರು ಇನ್ನೊಂದು ವಾಯಿದೆ ಕೇಳಿದರೆ ಕೊಡಬಾರದೆಂದಿಲ್ಲ. ಆದರೆ ಹೊಸ ಪತ್ರ ಹಳೆಯದನ್ನು ಅಳಿಸಬಾರದು. “27-10-2025ರ ಪತ್ರದ 3(ಆ) ಕಂತಿನ ದಿನವನ್ನು ಮಾತ್ರ 22-12-2025, ಸೋಮವಾರಕ್ಕೆ ಮುಂದೂಡಲಾಗಿದೆ, ಉಳಿದದ್ದೆಲ್ಲ ಹಾಗೇ ಇರುತ್ತದೆ” ಎಂಬ ಒಂದೇ ವಾಕ್ಯ, ಅಂದಿನ ಒಟ್ಟು ಬಾಕಿ, ದಿನಾಂಕ ಮತ್ತು ಸಹಿ ಸಾಕು. ಹಳೆಯ ಪತ್ರದ ಮೇಲೆಯೇ ತಾರೀಖು ಹೊಡೆದು ತಿದ್ದುವುದು ಬೇಡ. ತಿದ್ದಿದ್ದು ಯಾರು, ಯಾವಾಗ ಎಂಬ ಹೊಸ ಜಗಳಕ್ಕೆ ಅದು ಬೀಜ.

ಕೊಡುವವರಿಗೂ ಒಂದು ಮಾತು

ಇಂಥ ಪತ್ರ ಪಡೆಯುವವರಿಗಷ್ಟೇ ಲಾಭ ಎಂಬ ಭಾವನೆ ಇದೆ. ನೀವು ಕೊಡಬೇಕಾದವರಾದರೂ ಸ್ಪಷ್ಟವಾದ ಪತ್ರ ನಿಮ್ಮನ್ನು ಕಾಯುತ್ತದೆ. ಮುಂಗಡ ಕೊಟ್ಟದ್ದು, ವಾಪಸ್ ಮಾಡಿದ ಮಾಲಿಗೆ ಹಣ ಕಳೆದದ್ದು ಎರಡೂ ಅದರಲ್ಲಿ ದಾಖಲಾಗುತ್ತವೆ. ನಾಳೆ ಯಾರೂ ₹1,84,000 ಕೇಳುವಂತಿಲ್ಲ. ಆದರೆ ಒತ್ತಾಯಕ್ಕೆ ಸಿಕ್ಕಿ ಆಗದ ತಾರೀಖು ಬರೆದುಕೊಡಬೇಡಿ. ನಿಮಗೆ ಹಣ ಬರುವ ದಿನಗಳನ್ನು ಮೊದಲು ಎಣಿಸಿ, ಅದರ ಮೇಲೆ ಒಂದು ವಾರ ಸೇರಿಸಿ ದಿನ ಹೇಳಿ. ದೊಡ್ಡ ಮೊತ್ತ ಹೇಳಿ ತಪ್ಪುವುದಕ್ಕಿಂತ, ₹20,000ವೇ ಆದರೂ ಹೇಳಿದ ದಿನ ಹೇಳಿದ ಖಾತೆಗೆ ಬೀಳುವುದು ಮೇಲು. ತಪ್ಪುತ್ತದೆ ಎಂದು ಮೊದಲೇ ಗೊತ್ತಾದರೆ ವಾಯಿದೆಗೆ ಮುಂಚೆಯೇ ಬರೆದು ತಿಳಿಸಿ.

ಬರೆಸಿಕೊಳ್ಳುವುದು ಅಪನಂಬಿಕೆಯ ಗುರುತು ಎಂದು ತಿಳಿದು ಸುಮ್ಮನಿರುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ಮುಂದಿನ ಸಲ ಯಾರಾದರೂ “ಆದಷ್ಟು ಬೇಗ ಕೊಡ್ತೀನಿ” ಎಂದಾಗ ಸಂಕೋಚಪಡದೆ ಕ್ಯಾಲೆಂಡರನ್ನು ಅವರ ಮುಂದಿಟ್ಟು ಕೇಳಿ: ಯಾವ ಬಿಲ್ಲು, ಎಷ್ಟು, ಯಾವ ತಾರೀಖಿನೊಳಗೆ, ಯಾವ ಖಾತೆಗೆ? ನಾಲ್ಕಕ್ಕೂ ಉತ್ತರ ಬರೆದು ಸಹಿಯಾದ ಮೇಲೆಯೇ ಅಲ್ಲಿಂದ ಏಳಿ.